ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಉಪಕರಣಗಳನ್ನು ತಾಳು ಮತ್ತು ಚೌಕಟ್ಟಿನಿಂದ ಗುರುತಿಸುವ ಬಗೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗಗಳ ಹೊಲಗಳಲ್ಲಿ ಟ್ರ್ಯಾಕ್ಟರಿನ ಬಳಕೆಯು ಈಗ ಸಾಮಾನ್ಯವಾಗಿದೆ. ಸ್ವಂತ ಟ್ರ್ಯಾಕ್ಟರು ಇಲ್ಲದವರು ಊರಿನ ಬಾಡಿಗೆಯವರಿಂದಾಗಲಿ, ೨೦೧೪ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರಗಳಿಂದಾಗಲಿ ಅದನ್ನು ತರಿಸಿಕೊಳ್ಳುತ್ತಾರೆ. ಆದರೆ ಭೂಮಿಯಲ್ಲಿ ಕೆಲಸ ಮಾಡುವದು ಟ್ರ್ಯಾಕ್ಟರಲ್ಲ, ಅದರ ಹಿಂದೆ ಕಟ್ಟಿದ ಉಪಕರಣ. ಆ ಉಪಕರಣದ ವಿಷಯದಲ್ಲಿ ಬಾಡಿಗೆಯವನು ಹೇಳಿದ ಹೆಸರನ್ನೇ ನಂಬಿ ಹೊಲಕ್ಕೆ ಬಿಡುವ ರೂಢಿಯು ಹೆಚ್ಚಾಗಿರುವದು. “ಒಂಬತ್ತು ಹಲ್ಲಿನದು” ಎಂದರೆ ಹರಗುವ ಕಲ್ಟಿವೇಟರೂ ಆಗಬಹುದು, ಬಿತ್ತುವ ಕೂರಿಗೆಯೂ ಆಗಬಹುದು. ಹೆಸರು ಒಂದೇ ಆದರೂ ಕೆಲಸವು ಬೇರೆ, ಬಾಡಿಗೆಯೂ ಬೇರೆ. ಹಿಂಗಾರಿಯಲ್ಲಿ ಒಂದು ದಿನದ ತಪ್ಪು ಕೆಲಸದಿಂದ ಎರೆಯೊಳಗಿನ ಹಸಿಯು ಆರಿಹೋದರೆ ಆ ವರ್ಷ ಅದನ್ನು ಮರಳಿ ತರುವ ಉಪಾಯವಿಲ್ಲ. ಆದಕಾರಣ ಉಪಕರಣವು ಹೊಲಕ್ಕೆ ಇಳಿಯುವ ಮೊದಲೇ ಅದನ್ನು ಕಣ್ಣಿನಿಂದಲೂ ಅಳತೆಯ ಟೇಪಿನಿಂದಲೂ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಎತ್ತಿನ ಕೂರಿಗೆಯನ್ನು ಬಲ್ಲವರಿಗೆ ಈ ವಿಷಯವು ಕಠಿಣವಲ್ಲ. ಕೂರಿಗೆಯಲ್ಲಿ ಅಡ್ಡಲಾಗಿ ಒಂದು ದಿಂಡು, ದಿಂಡಿಗೆ ಸಿಕ್ಕಿಸಿದ ತಾಳುಗಳು, ತಾಳುಗಳ ಹಿಂದೆ ಬೀಜವನ್ನು ಇಳಿಸುವ ಬಿದಿರಿನ ಕೊಳವೆಗಳು, ಮೇಲೆ ಬೀಜ ಬಿಡುವ ಬಟ್ಟಲು ಇರುತ್ತವೆ. ಟ್ರ್ಯಾಕ್ಟರಿನ ಉಪಕರಣದಲ್ಲಿ ದಿಂಡಿನ ಬದಲು ಕಬ್ಬಿಣದ ಚೌಕಟ್ಟು ಬಂದಿದೆ. ಚಾಲಕರು ‘ಹಲ್ಲು’ ಎಂದು ಕರೆಯುವದು ನಮ್ಮ ತಾಳನ್ನೇ. ಈ ಲೇಖನದಲ್ಲಿ ತಾಳು ಎಂಬ ಮಾತನ್ನೇ ಬಳಸಲಾಗುವದು.

ಯಾವ ಗುರುತುಗಳನ್ನು ನಂಬಬಾರದು

ಬಣ್ಣ, ತಯಾರಕರ ಹೆಸರು, ಟ್ರ್ಯಾಕ್ಟರಿಗೆ ಜೋಡಿಸುವ ಕೊಂಡಿ ಇವು ಉಪಕರಣದ ಜಾತಿಯನ್ನು ತಿಳಿಸುವದಿಲ್ಲ. ಕೆಳಗೆ ಎರಡು, ಮೇಲೆ ಒಂದು ಹೀಗೆ ಮೂರು ಕೊಂಡಿಗಳು ಕಲ್ಟಿವೇಟರ್, ರೋಟಾವೇಟರ್, ಬಿತ್ತುವ ಕೂರಿಗೆ ಈ ಮೂರರಲ್ಲಿಯೂ ಇರುತ್ತವೆ. ಚಕ್ರವಿದೆ ಎಂಬುದರಿಂದ ಮಾತ್ರ ಅದನ್ನು ಕೂರಿಗೆಯೆಂದು ತಿಳಿಯಬಾರದು; ಆಳವನ್ನು ಹಿಡಿತದಲ್ಲಿಡಲು ಕೆಲವು ಕಲ್ಟಿವೇಟರುಗಳಿಗೂ ಸಣ್ಣ ಚಕ್ರಗಳನ್ನು ಹಾಕಿರುತ್ತಾರೆ. ತಾಳಿಗೆ ಸ್ಪ್ರಿಂಗು ಇದೆಯೋ ಇಲ್ಲವೋ ಎಂಬದೂ ಹರಗುವ ಮತ್ತು ಬಿತ್ತುವ ಉಪಕರಣಗಳ ನಡುವಿನ ಭೇದವಲ್ಲ. ಅದು ಭೂಮಿಯಲ್ಲಿ ಕಲ್ಲು ಉಂಟೋ ಇಲ್ಲವೋ ಎಂಬುದಕ್ಕೆ ಸಂಬಂಧಪಟ್ಟದ್ದು.

ನೋಡತಕ್ಕ ಪ್ರಶ್ನೆಗಳು ಮೂರೇ. ಮಣ್ಣನ್ನು ಮುಟ್ಟುವ ಭಾಗವು ನಿಂತೇ ಇರುವದೋ, ತಿರುಗುವದೋ? ನಿಂತಿದ್ದರೆ, ತಾಳಿನ ಹಿಂದೆ ಕೊಳವೆ ಉಂಟೋ? ಕೊಳವೆ ಇದ್ದರೆ, ಚಕ್ರದಿಂದ ಪೆಟ್ಟಿಗೆಗೆ ಸರಪಳಿ ಉಂಟೋ? ಈ ಕ್ರಮದಲ್ಲಿ ನೋಡಿದರೆ ತಪ್ಪಾಗುವ ಸಂಭವವು ಕಡಿಮೆ.

ಕಲ್ಟಿವೇಟರ್

ಇದರ ಚೌಕಟ್ಟು ಆಯತಾಕಾರವಾಗಿದ್ದು, ಅದರಲ್ಲಿ ಅಡ್ಡಲಾಗಿ ಎರಡು ಅಥವಾ ಮೂರು ಕಬ್ಬಿಣದ ಪಟ್ಟಿಗಳು ಇರುತ್ತವೆ. ಆ ಪಟ್ಟಿಗಳಿಗೆ ತಾಳುಗಳನ್ನು ಹಿಡಿಕೆಗಳಿಂದ ಬಿಗಿದಿರುತ್ತಾರೆ. ಚೌಕಟ್ಟಿನ ಮೇಲ್ಭಾಗವು ಬರಿದು. ಅಲ್ಲಿ ಪೆಟ್ಟಿಗೆಯಿಲ್ಲ, ಗಿಯರಿಲ್ಲ. ತಾಳಿನ ಹಿಂಬದಿಯೂ ಬರಿದು. ತಾಳಿನ ತುದಿಗೆ ಬೋಲ್ಟಿನಿಂದ ಬಿಗಿದ ಕುಳವಿರುತ್ತದೆ. ಸಾಮಾನ್ಯ ಕುಳವನ್ನು ಒಂದು ತುದಿ ಸವೆದ ಮೇಲೆ ತಿರುಗಿಸಿ ಮತ್ತೊಂದು ತುದಿಯಿಂದ ಬಳಸಬಹುದು. ಕುಳದ ಬದಲು ಬಾತಿನ ಪಾದದಂತೆ ಎರಡೂ ಬದಿಗೆ ಅಗಲವಾಗಿ ಹರಡಿದ ಅಲಗು ಇದ್ದರೆ, ಅದು ಆಳವಾಗಿ ಸೀಳದೆ ಮೇಲುಮಣ್ಣಿನ ಕೆಳಗೆ ಹರಿದು ಕಳೆಯ ಬೇರನ್ನು ಕೊಯ್ಯುವದು. ಇದರ ಕೆಲಸವು ನಮ್ಮ ಕುಂಟೆಯ ಕೆಲಸಕ್ಕೆ ಸಮೀಪವಾದದ್ದು.

ಕಲ್ಟಿವೇಟರಿನಲ್ಲಿಯೇ ಎರಡು ಬಗೆಗಳುಂಟು. ಒಂದರಲ್ಲಿ ಪ್ರತಿ ತಾಳಿನ ಮೇಲೆ ಗಟ್ಟಿಯಾದ ಸುರುಳಿ ಸ್ಪ್ರಿಂಗುಗಳಿರುತ್ತವೆ. ಕುಳಕ್ಕೆ ಕಲ್ಲು ತಗಲಿದ ಕೂಡಲೆ ತಾಳು ಹಿಂದಕ್ಕೆ ಬಾಗಿ, ಕಲ್ಲನ್ನು ದಾಟಿ, ಮತ್ತೆ ತನ್ನ ಸ್ಥಾನಕ್ಕೆ ಬರುವದು. ಇನ್ನೊಂದರಲ್ಲಿ ಸ್ಪ್ರಿಂಗಿಲ್ಲ, ತಾಳು ಬಿಗಿಯಾಗಿ ನಿಂತಿರುವದು. ಕಪ್ಪತ್ತಗುಡ್ಡದ ಸೆರಗಿನಲ್ಲಿರುವ ಶಿರಹಟ್ಟಿ ಮತ್ತು ಮುಂಡರಗಿಯ ಕಲ್ಲುಮಿಶ್ರಿತ ಮಸಾರಿ ಹೊಲಗಳಿಗೆ ಸ್ಪ್ರಿಂಗು ತಾಳಿನದೇ ತಕ್ಕದ್ದು. ಬಿಗಿತಾಳಿನದನ್ನು ಅಲ್ಲಿ ಓಡಿಸಿದರೆ ತಾಳು ಬಾಗುವದು, ಇಲ್ಲವೆ ಬೋಲ್ಟು ಮುರಿಯುವದು. ಕಲ್ಲಿಲ್ಲದ ಎರೆಯಲ್ಲಿ ಬಿಗಿತಾಳು ಒಂದೇ ಆಳವನ್ನು ಹಿಡಿದು ನಡೆಯುವದರಿಂದ ಅಲ್ಲಿ ಅದಕ್ಕೆ ದೋಷವಿಲ್ಲ.

ಬಾಡಿಗೆಗೆ ಬಂದ ಸ್ಪ್ರಿಂಗು ತಾಳುಗಳನ್ನು ಒಂದೊಂದಾಗಿ ನೋಡತಕ್ಕದ್ದು. ಉಪಕರಣವನ್ನು ಸಮನೆಲದ ಮೇಲೆ ಇಳಿಸಿದಾಗ ಎಲ್ಲ ಕುಳಗಳ ತುದಿಯೂ ನೆಲಕ್ಕೆ ತಾಗಬೇಕು. ಒಂದೆರಡು ತುದಿಗಳು ಮೇಲೆ ನಿಂತಿದ್ದರೆ ಆ ತಾಳು ಬಾಗಿದೆ, ಅಥವಾ ಆ ಕುಳವು ಸವೆದಿದೆ. ಅದರ ದಾರಿಯಲ್ಲಿ ಹೊಲವು ಹರಗದೆ ಉಳಿಯುವದು. ಕೆಲಸವಾದ ಮೇಲೆ ಮೇಲುಮಣ್ಣನ್ನು ಕೈಯಿಂದ ಸರಿಸಿ ನೋಡಿದರೆ ಈ ಹರಗದ ಪಟ್ಟಿಗಳು ಗಟ್ಟಿಯಾದ ದಿಬ್ಬದಂತೆ ಕೈಗೆ ಸಿಕ್ಕುವವು.

ರೋಟಾವೇಟರ್

ಇದಕ್ಕೆ ತಾಳುಗಳೇ ಇಲ್ಲ. ನಮ್ಮ ಎತ್ತಿನ ಉಪಕರಣಗಳಲ್ಲಿ ಇದಕ್ಕೆ ಸಮನಾದದ್ದು ಯಾವುದೂ ಇಲ್ಲ. ತೆರೆದ ಚೌಕಟ್ಟಿನ ಬದಲು ಮೇಲೆ ಕಬ್ಬಿಣದ ತಗಡಿನ ಮುಚ್ಚಳ, ಅದರ ನಡುವೆ ಗಿಯರಿನ ಪೆಟ್ಟಿಗೆ, ಒಂದು ಬದಿಗೆ ಸರಪಳಿಯ ಅಥವಾ ಗಿಯರಿನ ಕವಚ ಇರುತ್ತವೆ. ಮುಚ್ಚಳದ ಕೆಳಗೆ ಅಡ್ಡಲಾಗಿ ಒಂದು ದಂಡವಿದ್ದು, ಅದಕ್ಕೆ ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಚಿದ ಅಲಗುಗಳನ್ನು ಬಿಗಿದಿರುತ್ತಾರೆ. ಐದು ಅಡಿಯ ರೋಟಾವೇಟರಿನಲ್ಲಿ ಸಾಮಾನ್ಯವಾಗಿ ೩೬ ಅಲಗುಗಳು, ಆರು ಅಡಿಯದರಲ್ಲಿ ೪೨ ಅಲಗುಗಳು ಇರುವವು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ತಿರುಗುವ ಪಿ.ಟಿ.ಓ. ಎಂಬ ದಂಡಕ್ಕೆ ಇದನ್ನು ಜೋಡಿಸುತ್ತಾರೆ. ಕಲ್ಟಿವೇಟರಿಗೂ ಸಾಮಾನ್ಯ ಕೂರಿಗೆಗೂ ಈ ಜೋಡಣೆಯು ಬೇಕಾಗುವದಿಲ್ಲ. ಅವನ್ನು ಟ್ರ್ಯಾಕ್ಟರು ಎಳೆಯುವದಷ್ಟೆ. ಹಿಂದಿನ ತಗಡು ಮಣ್ಣನ್ನು ಸಮ ಮಾಡುವದು. ಎರಡೂ ಬದಿಯ ಜಾರುಪಟ್ಟಿಗಳನ್ನು ಏರಿಸಿ ಇಳಿಸಿ ಆಳವನ್ನು ಗೊತ್ತುಮಾಡುತ್ತಾರೆ.

ತಿರುಗುವ ಅಲಗು ಮಣ್ಣನ್ನು ಹೆಂಟೆಯಾಗಿ ಬಿಡದೆ ಹುಡಿಮಾಡುವದು. ಗೋವಿನಜೋಳದ ಕೂಳೆಯನ್ನು ಕತ್ತರಿಸಿ ಮಣ್ಣಿಗೆ ಬೆರೆಸಲಿಕ್ಕೂ, ನೀರಾವರಿಯ ಉಳ್ಳಾಗಡ್ಡಿಗೆ ನಯವಾದ ಮಡಿಯನ್ನು ಮಾಡಲಿಕ್ಕೂ ಇದು ಉಪಯುಕ್ತವು. ಕಲ್ಟಿವೇಟರಿನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಗಿ ಮಾಡುವ ಕೆಲಸವನ್ನು ಇದು ಒಂದೇ ಸಲಕ್ಕೆ ಮುಗಿಸುವದೂ ಉಂಟು. ಆದರೆ ಮಳೆಯನ್ನೇ ನಂಬಿದ ಹೊಲದಲ್ಲಿ ಅದರಿಂದ ಆಗುವ ಕೇಡುಗಳನ್ನೂ ತಿಳಿದಿರತಕ್ಕದ್ದು. ಹುಡಿಯಾದ ಮಸಾರಿಯ ಮೇಲೆ ಒಂದು ಬಿರುಸಾದ ಮಳೆ ಬಿದ್ದರೆ ಮೇಲ್ಭಾಗವು ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುವದು. ಇಳಿಜಾರಿನ ಹೊಲವಾದರೆ ಆ ಹುಡಿಯು ಕೊಚ್ಚಿಹೋಗುವದು. ಕರಿಕೆ ಅಥವಾ ಜೇಕು ಇರುವ ಹೊಲದಲ್ಲಿ ಅಲಗುಗಳು ಅವುಗಳ ಬೇರು ಗಡ್ಡೆಗಳನ್ನು ತುಂಡುಮಾಡಿ ಹರಡುವವು. ಹಸಿಯಿದ್ದರೆ ಒಂದೊಂದು ತುಂಡೂ ಒಂದೊಂದು ಗಿಡವಾಗಿ ಏಳುವದು. ಕಲ್ಲಿನ ಹೊಲದಲ್ಲಿ ಅಲಗು ಹಿಂದಕ್ಕೆ ಬಾಗಿ ತಪ್ಪಿಸಿಕೊಳ್ಳಲಾರದು; ಅದು ಮುರಿಯುವದು.

ವರ್ಷ ವರ್ಷವೂ ಒಂದೇ ಆಳದಲ್ಲಿ ರೋಟಾವೇಟರನ್ನು ಓಡಿಸಿದರೆ ಅಲಗಿನ ಅಡಿಯ ಮಣ್ಣು ಬಡಿದು ಬಡಿದು ಗಟ್ಟಿಯಾಗುವದು. ಇದನ್ನು ಪರೀಕ್ಷಿಸುವದು ಸುಲಭ. ಹೊಲದಲ್ಲಿ ಸಲಿಕೆಯಿಂದ ಒಂದು ಮೊಳದ ತಗ್ಗು ತೆಗೆದು, ತಗ್ಗಿನ ಗೋಡೆಯನ್ನು ಚೂರಿಯಿಂದ ಮೇಲಿನಿಂದ ಕೆಳಕ್ಕೆ ಚುಚ್ಚುತ್ತ ಬರತಕ್ಕದ್ದು. ಸುಮಾರು ೧೦ರಿಂದ ೧೫ ಸೆಂಟಿಮೀಟರಿನ ಆಳದಲ್ಲಿ ಚೂರಿಯು ಒಮ್ಮೆಲೆ ಬಿರುಸಾಗಿ ನಿಂತು, ಅದರ ಕೆಳಗೆ ಮತ್ತೆ ಮೆತ್ತಗಾದರೆ, ನಡುವೆ ಗಟ್ಟಿ ಪದರವಿದೆಯೆಂದು ತಿಳಿಯಬೇಕು. ಅಲ್ಲಿ ಬೆಳೆಯ ಬೇರುಗಳು ಕೆಳಗಿಳಿಯದೆ ಅಡ್ಡಲಾಗಿ ತಿರುಗಿರುವದನ್ನೂ ಕಾಣಬಹುದು.

ರೋಟಾವೇಟರಿನ ಬಳಿ ಒಂದು ಎಚ್ಚರಿಕೆಯು ಅವಶ್ಯವು. ಎಂಜಿನು ನಡೆಯುತ್ತಿರುವಾಗ ಅಲಗನ್ನು ನೋಡಲು ಬಗ್ಗಬಾರದು. ಧೋತರದ ಸೆರಗು, ವಲ್ಲಿ, ಸೀರೆ ಇವು ತಿರುಗುವ ದಂಡಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವದಿಲ್ಲ. ಪರೀಕ್ಷೆಯನ್ನೆಲ್ಲ ಎಂಜಿನು ನಿಲ್ಲಿಸಿಯೇ ಮಾಡತಕ್ಕದ್ದು.

ಬಿತ್ತುವ ಕೂರಿಗೆ

ಟ್ರ್ಯಾಕ್ಟರಿನ ಕೂರಿಗೆಯ ಚೌಕಟ್ಟು ಮತ್ತು ತಾಳುಗಳು ಕಲ್ಟಿವೇಟರಿನ ಹಾಗೆಯೇ ಕಾಣುವವು. ಭ್ರಾಂತಿಯುಂಟಾಗುವದು ಈ ಎರಡರ ನಡುವೆಯೇ. ಕೆಲವರು ಕಲ್ಟಿವೇಟರಿನ ಚೌಕಟ್ಟಿನ ಮೇಲೆಯೇ ಬೀಜದ ಪೆಟ್ಟಿಗೆಯನ್ನು ಕೂಡ್ರಿಸಿ ಕೂರಿಗೆ ಮಾಡುವರು. ಬಿತ್ತನೆ ಮುಗಿದ ಮೇಲೆ ಪೆಟ್ಟಿಗೆಯನ್ನು ತೆಗೆದು ಅದರಿಂದಲೇ ಹರಗುವರು. ಹೀಗಿರುವದರಿಂದ ತಾಳಿನ ಹಿಂಬದಿಯನ್ನು ನೋಡದೆ ನಿರ್ಣಯಕ್ಕೆ ಬರಬಾರದು.

ಕೂರಿಗೆಯ ಪ್ರತಿ ತಾಳಿನ ಹಿಂದೆ, ಕುಳದ ಮರೆಯಲ್ಲಿ, ಕಬ್ಬಿಣದ ಟೊಳ್ಳಾದ ಕಾಲು ಇರುತ್ತದೆ. ಮೇಲಿನ ಪೆಟ್ಟಿಗೆಯಿಂದ ಅದರೊಳಗೆ ಕೊಳವೆ ಇಳಿಯುವದು. ಗೊಬ್ಬರವನ್ನೂ ಕೂಡಿಯೇ ಹಾಕುವ ಕೂರಿಗೆಯಾದರೆ ಪೆಟ್ಟಿಗೆಯಲ್ಲಿ ಎರಡು ಭಾಗಗಳೂ, ಪ್ರತಿ ತಾಳಿಗೆ ಎರಡು ಕೊಳವೆಗಳೂ ಇರುವವು. ಪೆಟ್ಟಿಗೆಯ ತಳದಲ್ಲಿ ಗೀರುಗಳುಳ್ಳ ಸಣ್ಣ ಉರುಳೆಗಳು ತಿರುಗುತ್ತ ಬೀಜವನ್ನು ಅಳೆದು ಬಿಡುವವು. ಆ ಉರುಳೆಗಳನ್ನು ತಿರುಗಿಸುವದು ನೆಲದ ಮೇಲೆ ಉರುಳುವ ಮುಳ್ಳುಚಕ್ರ; ಚಕ್ರದಿಂದ ಉರುಳೆಗೆ ಸರಪಳಿ ಇರುವದು. ಈ ಸರಪಳಿಯೇ ಕೂರಿಗೆಯ ಖಚಿತವಾದ ಗುರುತು. ಮುಳ್ಳುಚಕ್ರಕ್ಕೆ ಎರೆಯ ಕೆಸರು ಮೆತ್ತಿಕೊಂಡು ಅದು ಉರುಳದೆ ಜಾರಿದರೆ, ಟ್ರ್ಯಾಕ್ಟರು ಮುಂದೆ ಹೋದರೂ ಬೀಜವು ಬೀಳುವದಿಲ್ಲ.

ರೋಟಾವೇಟರಿನ ಹಿಂದೆಯೇ ಕೂರಿಗೆಯನ್ನು ಕೂಡಿಸಿದ ಉಪಕರಣವೂ ಇದೆ. ಮುಂದೆ ತಿರುಗುವ ಅಲಗು, ಹಿಂದೆ ಕೊಳವೆಗಳು ಎರಡೂ ಕಂಡರೆ ಅದು ಈ ಮಿಶ್ರ ಜಾತಿಯದೆಂದು ತಿಳಿದು, ರೋಟಾವೇಟರಿನ ಗುಣದೋಷಗಳು ಅದಕ್ಕೂ ಅನ್ವಯಿಸುವವೆಂದು ನೆನಪಿಡತಕ್ಕದ್ದು.

ಸ್ಪ್ರಿಂಗು ತಾಳುಗಳ ಮೇಲೆ ಪೆಟ್ಟಿಗೆ ಕೂಡ್ರಿಸಿದ ಕೂರಿಗೆಯಲ್ಲಿ ಒಂದು ಕೊರತೆಯುಂಟು. ಗಟ್ಟಿ ನೆಲ ಬಂದಲ್ಲಿ ತಾಳು ಹಿಂದೆ ಬಾಗುವದರಿಂದ ಬೀಜವು ಒಂದು ಕಡೆ ಹಸಿಗೆ ಮುಟ್ಟಿ, ಇನ್ನೊಂದು ಕಡೆ ಒಣಮಣ್ಣಿನಲ್ಲಿಯೇ ಉಳಿಯುವದು. ನಾಟಿಯು ಹಿಂದುಮುಂದಾಗಿ ಏಳುವದು. ಕಲ್ಲಿನ ಮಸಾರಿಯಲ್ಲಿ ಇದನ್ನು ಸಹಿಸಬೇಕಾದೀತು. ಎರೆಯಲ್ಲಿ ಬಿಗಿತಾಳಿನ ಕೂರಿಗೆಯನ್ನೇ ಕೇಳುವದು ಒಳ್ಳೆಯದು.

ಚೌಕಟ್ಟನ್ನು ಅಳೆಯುವ ಕ್ರಮ

ತಾಳುಗಳನ್ನು ಒಂದೇ ಪಟ್ಟಿಯ ಮೇಲೆ ಸಾಲಾಗಿ ಹಚ್ಚಿದರೆ ಅವುಗಳ ನಡುವೆ ಕಸ ಕಡ್ಡಿಗಳು ಸಿಕ್ಕಿಕೊಳ್ಳುವವು. ಆದ್ದರಿಂದ ಮುಂದಿನ ಪಟ್ಟಿಗೆ ಕೆಲವನ್ನೂ ಹಿಂದಿನ ಪಟ್ಟಿಗೆ ಕೆಲವನ್ನೂ ಬಿಟ್ಟು ಬಿಟ್ಟು ಹಚ್ಚುತ್ತಾರೆ. ಒಂಬತ್ತು ತಾಳಿನ ಉಪಕರಣವಾದರೆ ಮುಂದೆ ನಾಲ್ಕು, ಹಿಂದೆ ಐದು. ಹಿಂದೆ ನಿಂತು ಹಿಂದಿನ ಪಟ್ಟಿಯ ಎರಡು ತಾಳುಗಳ ನಡುವೆ ಮಾತ್ರ ಅಳೆದರೆ ೪೫ ಸೆಂಟಿಮೀಟರು ಬರುವದು. ಅದನ್ನೇ ಸಾಲಿನ ಅಂತರವೆಂದು ತಿಳಿದು, “ಇದು ಬಿಳಿಜೋಳಕ್ಕೆ ಸರಿಯಾಗಿದೆ” ಎಂದು ಬಿತ್ತಿಸಿದರೆ ಮೋಸವಾಗುವದು. ಮುಂದಿನ ತಾಳುಗಳು ಆ ಎಡೆಗಳಲ್ಲಿಯೇ ಇರುವದರಿಂದ ನಿಜವಾದ ಅಂತರವು ಅದರ ಅರ್ಧ, ಅಂದರೆ ೨೨.೫ ಸೆಂಟಿಮೀಟರು.

ಸರಿಯಾದ ಕ್ರಮವು ಹೀಗಿದೆ. ಎಡತುದಿಯ ತಾಳಿನಿಂದ ಬಲತುದಿಯ ತಾಳಿನವರೆಗೆ ಅಳೆದು, ಬಂದ ಅಳತೆಯನ್ನು ಒಟ್ಟು ತಾಳುಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು ಭಾಗಿಸಬೇಕು. ತುದಿಯಿಂದ ತುದಿಗೆ ೧೮೦ ಸೆಂಟಿಮೀಟರು ಇದ್ದು ತಾಳುಗಳು ಒಂಬತ್ತಾದರೆ, ಎಂಟರಿಂದ ಭಾಗಿಸಲು ೨೨.೫ ಬರುವದು. ಅದೇ ಪಟ್ಟಿಯ ಮೇಲೆ ಏಳು ತಾಳುಗಳನ್ನು ಸಮನಾಗಿ ಸರಿಸಿ ಬಿಗಿದರೆ, ಆರರಿಂದ ಭಾಗಿಸಲು ೩೦ ಬರುವದು. ಇದು ಕಡಲೆಯ ಸಾಲು. ಐದು ತಾಳುಗಳನ್ನು ಉಳಿಸಿದರೆ ನಾಲ್ಕರಿಂದ ಭಾಗಿಸಲು ೪೫ ಬರುವದು. ಇದು ಬಿಳಿಜೋಳದ ಸಾಲು. ಹೀಗೆ ಒಂದೇ ಚೌಕಟ್ಟು ಮೂರು ಬಗೆಯ ಕೂರಿಗೆಯಾಗಬಲ್ಲದು. ಆದರೆ ತಾಳುಗಳ ಹಿಡಿಕೆಗಳು ಪಟ್ಟಿಯ ಮೇಲೆ ಸರಿಯುವಂತಿರಬೇಕು. ತಾಳನ್ನು ಪಟ್ಟಿಗೆ ಬೆಸುಗೆ ಹಾಕಿದ್ದರೆ ಅಂತರವನ್ನು ಬದಲಿಸಲಾಗದು. ಅಂಥ ಕೂರಿಗೆಯನ್ನು ಅದರ ಅಂತರವು ನಮ್ಮ ಬೆಳೆಗೆ ಒಪ್ಪಿದರೆ ಮಾತ್ರ ತೆಗೆದುಕೊಳ್ಳತಕ್ಕದ್ದು.

ಒಂದು ಉದಾಹರಣೆ

ಗದಗ-ಬೆಟಗೇರಿಯ ಮಗ್ಗುಲಲ್ಲಿ ಆರು ಎಕರೆ ಎರೆ ಹೊಲವಿದೆಯೆಂದು ತಿಳಿಯೋಣ. ಮುಂಗಾರಿಯ ಹೆಸರು ಕೊಯ್ದಾಗಿದೆ. ಅಕ್ಟೋಬರದಲ್ಲಿ ಕಡಲೆ ಬಿತ್ತಬೇಕಾಗಿದೆ. ಒಂದು ಮೂಲೆಯಲ್ಲಿ ಕರಿಕೆ ಇದೆ. ಬಾಡಿಗೆಯವನ ಅಂಗಳದಲ್ಲಿ ಮೂರು ಉಪಕರಣಗಳು ನಿಂತಿವೆ: ಸ್ಪ್ರಿಂಗು ತಾಳಿನ ಕಲ್ಟಿವೇಟರು, ಐದು ಅಡಿಯ ರೋಟಾವೇಟರು, ಪೆಟ್ಟಿಗೆಯುಳ್ಳ ಒಂಬತ್ತು ತಾಳಿನ ಕೂರಿಗೆ.

ಮೊದಲು ಹರಗುವ ಮಾತು. ಕಲ್ಟಿವೇಟರಿನ ಕೆಲಸದ ಅಗಲವು ಸುಮಾರು ೨ ಮೀಟರು. ತಾಸಿಗೆ ೫ ಕಿಲೋಮೀಟರು ನಡೆದು, ಹೊರಳುವದರಲ್ಲಿ ಕಾಲು ಭಾಗದ ಸಮಯ ಹೋದರೂ, ತಾಸಿಗೆ ಎರಡು ಎಕರೆಗೆ ತುಸು ಕಡಿಮೆ ಆಗುವದು. ಆರು ಎಕರೆಗೆ ಮೂರು ತಾಸಿನ ಮೇಲೆ ಸ್ವಲ್ಪ. ರೋಟಾವೇಟರಿನ ಅಗಲವು ಸುಮಾರು ೧.೫ ಮೀಟರು, ನಡೆಯು ತಾಸಿಗೆ ೩ ಕಿಲೋಮೀಟರು. ಅದೇ ಲೆಕ್ಕದಿಂದ ಆರು ಎಕರೆಗೆ ಏಳು ತಾಸು ಹಿಡಿಯುವದು; ತಾಸಿನ ಬಾಡಿಗೆಯೂ ಎಣ್ಣೆಯೂ ಅದಕ್ಕೆ ಹೆಚ್ಚು. ಕಲ್ಟಿವೇಟರನ್ನು ಎರಡು ಸಲ ಓಡಿಸಿದರೆ ಸಮಯದ ಉಳಿತಾಯವು ಅಷ್ಟೇನೂ ಉಳಿಯದು, ನಿಜ. ಆದರೆ ಹೆಸರು ಕೊಯ್ದ ಎರೆಗೆ ಎರಡನೆಯ ಸಲ ಬೇಕೇ ಎಂಬದೇ ಪ್ರಶ್ನೆ. ಅಲ್ಲಿ ಬೇಕಾದದ್ದು ಕಳೆಯನ್ನು ಕೊಯ್ದು, ಮೇಲೆ ತೆಳುವಾದ ಸಡಿಲು ಮಣ್ಣಿನ ಹೊದಿಕೆಯನ್ನು ಬಿಟ್ಟು, ಕೆಳಗಿನ ಹಸಿಯನ್ನು ಕಾಯುವದಷ್ಟೆ. ರೋಟಾವೇಟರು ಅದೇ ಹಸಿಮಣ್ಣನ್ನು ಮೇಲಕ್ಕೆ ತಂದು ಬಿಸಿಲಿಗೆ ಹರಡುವದು; ಮೂಲೆಯ ಕರಿಕೆಯನ್ನು ಹೊಲದ ತುಂಬ ಬಿತ್ತುವದು. ಆದಕಾರಣ ಇಲ್ಲಿ ಅಗಲ ಅಲಗನ್ನು ಹಚ್ಚಿದ ಕಲ್ಟಿವೇಟರನ್ನು ಒಂದು ಸಲ ಓಡಿಸುವದೇ ಸಾಕು.

ಇನ್ನು ಬಿತ್ತುವ ಮಾತು. ಕೂರಿಗೆಯನ್ನು ಅಳೆಯಲು ತುದಿಯಿಂದ ತುದಿಗೆ ೧೮೦ ಸೆಂಟಿಮೀಟರು, ತಾಳುಗಳು ಒಂಬತ್ತು, ಅಂತರವು ೨೨.೫. ಹಾಗೆಯೇ ಬಿತ್ತಿದರೆ ಏನಾಗುವದು? ೩೦ ಸೆಂಟಿಮೀಟರಿನ ಸಾಲಿನಲ್ಲಿ ಎಕರೆಗೆ ೨೫ ಕಿಲೋ ಬೀಳುವಂತೆ ಉರುಳೆಯನ್ನು ಗೊತ್ತುಮಾಡಿದ್ದರೆ, ಸಾಲುಗಳು ಹತ್ತಿರವಾದದ್ದರಿಂದ ಎಕರೆಗೆ ೩೩ ಕಿಲೋಕ್ಕಿಂತ ಮೇಲೆ ಬೀಳುವದು. ಆರು ಎಕರೆಗೆ ೧೫೦ ಕಿಲೋದ ಬದಲು ೨೦೦ ಕಿಲೋ. ಅರ್ಧ ಕ್ವಿಂಟಲು ಬೀಜವು ವ್ಯರ್ಥ. ಅದಕ್ಕಿಂತ ದೊಡ್ಡ ತೊಂದರೆಯು ಮುಂದೆ ಬರುವದು. ೩೦ ಸೆಂಟಿಮೀಟರಿನ ಸಾಲಿಗೆ ಮಾಡಿಸಿದ ಎಡೆಕುಂಟೆಯು ಈ ಸಾಲುಗಳ ನಡುವೆ ಹಿಡಿಯದೆ ಬೆಳೆಯನ್ನೇ ಕೊಯ್ಯುವದು. ಎಡೆ ಹೊಡೆಯಲಾಗದೆ ಕೈಯಿಂದ ಕಳೆ ತೆಗೆಸಬೇಕಾಗುವದು. ಆದ್ದರಿಂದ ಎರಡು ತಾಳುಗಳನ್ನೂ ಅವುಗಳ ಕೊಳವೆಗಳನ್ನೂ ತೆಗೆಸಿ, ಆ ಎರಡು ಉರುಳೆಗಳ ಬಾಯಿಗಳನ್ನು ಮುಚ್ಚಿಸಿ, ಉಳಿದ ಏಳನ್ನು ೩೦ ಸೆಂಟಿಮೀಟರಿಗೆ ಸರಿಸಿ ಬಿಗಿಸತಕ್ಕದ್ದು. ಈ ಕೆಲಸವನ್ನು ಅಂಗಳದಲ್ಲಿಯೇ ಮುಗಿಸಬೇಕು. ಹೊಲಕ್ಕೆ ಬಂದ ಮೇಲೆ ಬಾಡಿಗೆಯ ತಾಸು ಓಡುತ್ತಿರುವಾಗ ಯಾರಿಗೂ ಪಾನೆ ಹಿಡಿಯುವ ತಾಳ್ಮೆ ಇರುವದಿಲ್ಲ.

ಕೊನೆಗೆ ಉಪಕರಣವನ್ನು ನೆಲದಿಂದ ಎತ್ತಿ, ಬೀಳದಂತೆ ಕೆಳಗೆ ಗಟ್ಟಿಯಾದ ಆಧಾರವನ್ನು ಕೊಟ್ಟು, ಎಂಜಿನನ್ನು ನಿಲ್ಲಿಸಿ, ಪೆಟ್ಟಿಗೆಗೆ ಸ್ವಲ್ಪ ಬೀಜವನ್ನು ಹಾಕಿ, ಪ್ರತಿ ಕೊಳವೆಯ ಕೆಳಗೆ ಒಂದೊಂದು ಬಟ್ಟಲನ್ನಿಟ್ಟು, ಮುಳ್ಳುಚಕ್ರವನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸತಕ್ಕದ್ದು. ಏಳು ಬಟ್ಟಲುಗಳಲ್ಲಿಯೂ ಬೀಜವು ಹೆಚ್ಚುಕಡಿಮೆ ಸಮನಾಗಿ ಬಿದ್ದಿರಬೇಕು. ಒಂದರಲ್ಲಿ ಬಿದ್ದಿಲ್ಲವಾದರೆ ಆ ಕೊಳವೆಯಲ್ಲಿ ಹಿಂದಿನ ವರ್ಷದ ಮಣ್ಣೋ, ಕಣಜದ ಹುಳದ ಗೂಡೋ ಸಿಕ್ಕಿರಬಹುದು. ಮಣ್ಣಿನೊಳಗೆ ಬೀಳುವ ಬೀಜವು ಚಾಲಕನಿಗೆ ಕಾಣುವದಿಲ್ಲ. ಏಳರಲ್ಲಿ ಒಂದು ಕೊಳವೆ ಕಟ್ಟಿಕೊಂಡಿದ್ದರೆ ಆರು ಎಕರೆಯಲ್ಲಿ ಸುಮಾರು ೩೪ ಗುಂಟೆ ಬಿತ್ತದೆ ಉಳಿಯುವದು. ಅದು ತಿಳಿಯುವದು ನಾಟಿ ಎದ್ದ ಮೇಲೆಯೇ. ಅಷ್ಟರಲ್ಲಿ ಮೇಲಿನ ಹಸಿಯು ಆರಿರುವದು.

ಊರಿನ ಗೌಡರೂ ಜಮೀನುದಾರರೂ ಹಿಂಗಾರಿ ಬಾಡಿಗೆಯನ್ನು ಗೊತ್ತುಮಾಡುವ ಕಾಲಕ್ಕೆ ಉಪಕರಣದ ಹೆಸರಿನೊಡನೆ ತಾಳುಗಳ ಸಂಖ್ಯೆ, ತುದಿಯಿಂದ ತುದಿಗೆ ಅಳತೆ, ಸ್ಪ್ರಿಂಗು ಉಂಟೋ ಇಲ್ಲವೋ, ಹಿಡಿಕೆಗಳು ಸರಿಯುವವೋ ಇಲ್ಲವೋ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಅಂಗಳದಲ್ಲಿ ನೋಡಿದ ಉಪಕರಣವೇ ಹೊಲಕ್ಕೆ ಬಂದಿತೋ, ಬೇರೊಂದು ಬಂದಿತೋ ಎಂಬದು ಆ ಚೀಟಿಯಿಂದ ಕೂಡಲೆ ತಿಳಿಯುವದು.